ಪದಚರ್ಚೆ: ‘ಸೆಟ್ ಹ್ಯಾಂಡಿಕ್ಯಾಪ್’ಗೆ ಕನ್ನಡದಲ್ಲಿ ಏನೆನ್ನೋಣ?

ಅನುವಾದಕಿ, ಬಸವನಗುಡಿ: ಸಂಖ್ಯಾಶಾಸ್ತ್ರದ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪಾಯಿಂಟ್ ಗೆಲ್ಲುವ ಸಂಭವನೀಯತೆಯಿಂದ ಹೊರಟು ಬ್ಯಾಡ್ಮಿಂಟನ್, ವಾಲಿಬಾಲ್ ಪಂದ್ಯಗಳಲ್ಲಿ ಪಣ ಗೆದ್ದರೆ ರೂಪಾಯಿಗೆ ಎಷ್ಟು ಸಿಗಬೇಕೆಂಬ ದರ ಕಟ್ಟುವ ಅಧ್ಯಾಯ ಅದರಲ್ಲಿದೆ. ‘ಸೆಟ್ ಹ್ಯಾಂಡಿಕ್ಯಾಪ್ -1.5’ ಎಂದರೆ, ಒಂದು ಕಡೆಯವರು ಗೆದ್ದ ಸೆಟ್‌ಗಳಿಂದ ಒಂದೂವರೆ ಕಳೆದ ಮೇಲೂ ಅವರೇ ಮುಂದಿರುತ್ತಾರೆ ಎಂಬ ಪಣ. ಅದಕ್ಕೆ ‘ರಿಯಾಯಿತಿ’ ಎಂದರೆ, ಪಕ್ಕದಲ್ಲೇ ‘ದರ’ ಇರುವುದರಿಂದ ಅಂಗಡಿಯ ಫಲಕದಂತೆ ಕಾಣುತ್ತದೆ. ಒಂದು ಪಂದ್ಯದೊಳಗಿನ ಗೇಮ್‌ಗಳ ಲೆಕ್ಕವಾದ ‘ಟೋಟಲ್ ಗೇಮ್ಸ್’ ಅನ್ನು ‘ಒಟ್ಟು ಆಟಗಳು’ ಎಂದರೆ ಪಂದ್ಯಗಳ ಲೆಕ್ಕವೆಂದು ತಿಳಿದಾರು. ಏನು ಮಾಡಲಿ?

ಮಲ್ಲೇಶ್ವರದ ಓದುಗರು: ನಮ್ಮ ಆಟದ ಅಂಕಣದಲ್ಲಿ ಹಿರಿಯರಿಗೆ ಐದು ಪಾಯಿಂಟ್ ಬಿಟ್ಟುಕೊಟ್ಟು 5-0ಯಿಂದ ಆಟ ಆರಂಭಿಸುತ್ತೇವೆ. ‘ಬಿಟ್ಟುಕೊಡುಗೆ’ ಎನ್ನಿ, ಮುಗಿಯಿತು.

ಕ್ರೀಡಾ ವರದಿಗಾರ: -1.5 ಎಂದರೆ ನೇರ ಗೆಲುವು. ಬ್ಯಾಡ್ಮಿಂಟನ್, ವಾಲಿಬಾಲ್ ಎರಡಕ್ಕೂ ‘ನೇರ ಜಯ’ ಎಂದೇ ಬರೆಯಬಹುದು.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಜಯನಗರ: ಬ್ಯಾಡ್ಮಿಂಟನ್‌ಗೆ ನಿಮ್ಮ ಮಾತು ಸರಿ, ವಾಲಿಬಾಲ್‌ಗೆ ಅಲ್ಲ. ಅಲ್ಲಿ 3-1ರಿಂದ ಗೆದ್ದರೂ -1.5 ದಾಟುತ್ತದೆ, ನೇರ ಜಯವೇ ಬೇಕಾದರೆ -2.5. ಮಲ್ಲೇಶ್ವರದವರ ಐದು ಪಾಯಿಂಟ್ ಆಟವನ್ನೇ ಬದಲಿಸುತ್ತದೆ. ಇಲ್ಲಿ ಆಟ ಇದ್ದಂತೆಯೇ ನಡೆದು, ಮುಗಿದ ಮೇಲೆ ಫಲಿತಾಂಶದಿಂದ ಒಂದೂವರೆ ಸೆಟ್ ಕಳೆಯುತ್ತಾರೆ.

21 ಪಾಯಿಂಟ್‌ಗಳ ಬ್ಯಾಡ್ಮಿಂಟನ್ ಗೇಮ್ ತೆಗೆದುಕೊಳ್ಳಿ. ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 52 ಇದ್ದರೆ, ಗೇಮ್ ಗೆಲ್ಲುವ ಸಾಧ್ಯತೆ ಸುಮಾರು ಶೇ 60. ಎರಡೂ ಗೇಮ್ ಗೆಲ್ಲುವುದು 0.6 × 0.6, ಅಂದರೆ ಶೇ 36, -1.5ರ ದರ 1 ÷ 0.36, ಸುಮಾರು 2.78. ಮೂರನೇ ಗೇಮ್‌ಗೆ ಹೋಗುವ ಸಾಧ್ಯತೆ ಶೇ 48, ದರ 2.08. ಪಂದ್ಯದ ಗೆಲುವು ಶೇ 64.8, ದರ 1.54. ಇವು ಪಣ ಕಟ್ಟಿಸಿಕೊಳ್ಳುವವರ ಲಾಭ ಸೇರದ ದರಗಳು.

ಅನುವಾದಕಿ: ವಾಲಿಬಾಲ್‌ಗೂ ಇದೇ ಲೆಕ್ಕ ಸಾಕೇ?

ಮೇಷ್ಟ್ರು: ಸಾಲದು. ಅಲ್ಲಿ ಸರ್ವ್ ಪಡೆಯುವ ತಂಡವೇ ಮೊದಲು ದಾಳಿ ಮಾಡುವುದರಿಂದ ಹೆಚ್ಚು ಪಾಯಿಂಟ್ ಅದಕ್ಕೇ ಸಿಗುತ್ತದೆ. ಹಾಗಾಗಿ ಸರ್ವ್ ಮಾಡುವಾಗ ಒಂದು, ಪಡೆಯುವಾಗ ಇನ್ನೊಂದು ಸಂಭವನೀಯತೆ ಬೇಕು. ಐದನೇ ಸೆಟ್ 15ಕ್ಕೇ ಮುಗಿಯುವುದರಿಂದ ಬಲಿಷ್ಠರ ಮೇಲುಗೈ ಅಲ್ಲಿ ಸ್ವಲ್ಪ ಕುಗ್ಗುತ್ತದೆ.

ನನ್ನ ನಿಜವಾದ ಆತಂಕ ಬೇರೆ. ಶೇ 52 ಎಂಬುದು ಸರಾಸರಿ. ಆಟಗಾರ್ತಿ ಒಂದು ದಿನ 54, ಇನ್ನೊಂದು ದಿನ 50ರ ಮಟ್ಟದಲ್ಲಿ ಆಡುತ್ತಾಳೆ. ಆಗ ನೇರ ಫಲಿತಾಂಶಗಳು ಹೆಚ್ಚಿ, ಮೂರು ಗೇಮ್‌ಗಳ ಪಂದ್ಯಗಳು ಶೇ 48ಕ್ಕಿಂತ ಕಡಿಮೆಯಾಗುತ್ತವೆ. ಹಳೆಯ ಪಂದ್ಯಗಳಲ್ಲಿ ಮೂರನೇ ಗೇಮ್ ಎಷ್ಟು ಬಾರಿ ಬಂತೆಂದು ಎಣಿಸಿದರೆ ಈ ದೋಷ ಕಾಣುತ್ತದೆ. ಪಠ್ಯದಲ್ಲಿ ಅದಿಲ್ಲದಿದ್ದರೆ ಅಡಿಟಿಪ್ಪಣಿ ಹಾಕಿ.

ವರದಿಗಾರ: 3-1ರ ಮಾತು ಒಪ್ಪಿದೆ. ‘ಸೆಟ್ ಕಡಿತ’ ಹೇಗೆ? ‘ಟೋಟಲ್’ಗೆ ‘ಒಟ್ಟು ಗೇಮ್’ ಇರಲಿ. ‘ನೇರ ಗೇಮ್‌ಗಳಿಂದ ಜಯ’ ಎಂದು ನಾವು ಬರೆಯುತ್ತಲೇ ಇದ್ದೇವೆ.

ಅನುವಾದಕಿ: ‘ಒಟ್ಟು ಗೇಮ್’ ಇಟ್ಟುಕೊಳ್ಳುತ್ತೇನೆ. ‘ಕಡಿತ’ -1.5ಕ್ಕೆ ಹೊಂದುತ್ತದೆ, ಎದುರಾಳಿಯ +1.5ಕ್ಕೆ?

ಮಲ್ಲೇಶ್ವರದ ಓದುಗರು: ಅದಕ್ಕೇ ‘ಬಿಟ್ಟುಕೊಡುಗೆ’ ಎಂದದ್ದು. ಕೊಟ್ಟವರಿಗೆ -1.5, ಪಡೆದವರಿಗೆ +1.5.