ನಾಲ್ಕು ಹೆಸರು, ಒಂದು ಫೋನು: ಯಾವುದು ಉಳಿಯುತ್ತದೆ?

ಪ್ರಶ್ನೆ (ಹುಬ್ಬಳ್ಳಿಯಿಂದ, ಊರು ಶಿರಸಿ): ನಾನು, ನಮ್ಮ ನಾದಿನಿ ಸೇರಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರಲು ಶುರು ಮಾಡುತ್ತಿದ್ದೇವೆ. ಆರ್ಡರ್ ಎಲ್ಲ ಫೋನಿನಲ್ಲೇ, ಜಾಸ್ತಿ ಬೆಂಗಳೂರಿನವರು. ನಾಲ್ಕು ಹೆಸರು ಉಳಿದಿವೆ: ಹೊಳೆಸಾಲು, ಭರಣಿ, ಮಿಡಿ, ಸೌಟು. ಮನೆಯಲ್ಲಿ ಕೂತು ಹೇಳಿದರೆ ನಾಲ್ಕೂ ಚೆಂದ. ಫೋನಿನಲ್ಲಿ, ಗದ್ದಲದಲ್ಲಿ ಹೇಳಿ ನೋಡಿ ಅಂತ ಒಬ್ಬರು ಹೇಳಿದರು. ಅದನ್ನು ಸರಿಯಾಗಿ ಮಾಡೋದು ಹೇಗೆ? ಲೇಬಲ್ ಪ್ರಿಂಟಿಗೆ ಕೊಡಲು ಎರಡು ವಾರ ಇದೆ.

ಉತ್ತರ (ಅಂಗಡಿ, ಕಂಪನಿಗಳಿಗೆ ಹೆಸರಿಡುವ ಕೆಲಸ, ಮೊದಲು ಕಾಲ್ ಸೆಂಟರ್‌ನಲ್ಲಿ ಟ್ರೈನರ್): ಮೇಡಂ, ಎರಡು ವಾರ ಬೇಕಾದಷ್ಟಾಯಿತು. ಆದರೆ ಎಲ್ಲರೂ ಮಾಡುವ ತಪ್ಪು ಒಂದಿದೆ. ಫೋನ್ ಮಾಡಿ "ಸೌಟು ಅಂತ ಹೆಸರು, ಹೇಗಿದೆ?" ಅಂತ ಕೇಳುತ್ತಾರೆ. ಆ ಕಡೆಯವರು "ಚೆನ್ನಾಗಿದೆ" ಅಂತಾರೆ, ಅಲ್ಲಿಗೆ ಮುಗಿಯಿತು. ಹೆಸರು ಚೆನ್ನಾಗಿದೆಯಾ ಅನ್ನುವುದು ಬೇರೆ ಪ್ರಶ್ನೆ, ಅವರ ಕಿವಿಗೆ ಏನು ಬಿತ್ತು ಅನ್ನುವುದು ಬೇರೆ.

ಪಟ್ಟಿ ನೋಡಿರದ 12 ಜನರನ್ನು ಹಿಡಿಯಿರಿ. ನೆಂಟರಲ್ಲಿ ಯಾರಿಗೆ ಆಗಲೇ ಹೇಳಿಬಿಟ್ಟಿದ್ದೀರೋ ಅವರು ಬೇಡ, ಅವರಿಗೆ ಅರ್ಧ ಕೇಳಿದರೂ ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತದೆ. ಒಬ್ಬರಿಗೆ ಎರಡೇ ಹೆಸರು, ಅದೂ ಬೇರೆ ಬೇರೆ ದಿನ. ಹಾಗೆ ಮಾಡಿದರೆ ಒಂದೊಂದು ಹೆಸರಿಗೆ ಆರಾರು ಕಿವಿ ಸಿಗುತ್ತದೆ. ನಾಳೆ ಗಿರಾಕಿಗೆ ಹೇಗೆ ಹೇಳುತ್ತೀರೋ ಹಾಗೇ ಹೇಳಿ: "ನಮಸ್ಕಾರ, ಭರಣಿಯಿಂದ ಮಾತಾಡ್ತಾ ಇದ್ದೀನಿ, ನಿಮ್ಮ ಪಾರ್ಸೆಲ್ ಇವತ್ತು ಹೊರಡುತ್ತೆ." ಒಂದೇ ಸಲ. ಆಮೇಲೆ "ಯಾವ ಹೆಸರು ಕೇಳಿಸಿತು, ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿ" ಅನ್ನಿ. ಅವರು "ಏನು, ಏನು?" ಅಂದರೆ ಎರಡನೇ ಸಲ ಹೇಳಬೇಡಿ, "ಕೇಳಿಸಲಿಲ್ಲ" ಅಂತ ಬರೆದುಕೊಳ್ಳಿ. ತಪ್ಪು ಬಂದರೆ ಬರೀ ತಪ್ಪು ಅಂತ ಬರೆಯಬೇಡಿ, ಅವರು ಟೈಪ್ ಮಾಡಿದ್ದನ್ನೇ ಅಕ್ಷರ ಬಿಡದೆ ಇಟ್ಟುಕೊಳ್ಳಿ. ಕೊನೆಗೆ ಕೆಲಸಕ್ಕೆ ಬರುವುದು ಅದೇ.

ಕನ್ನಡದಲ್ಲಿ ಇನ್ನೊಂದು ವಿಷಯ ಇದೆ, ಇಂಗ್ಲಿಷಿನವರಿಗೆ ಈ ತಲೆನೋವು ಇಲ್ಲ. ನಾವು ಹೆಸರನ್ನು ಬರಿದಾಗಿ ಹೇಳುವುದೇ ಇಲ್ಲ. ಸೌಟು ಅನ್ನುವುದು ಲೇಬಲ್ ಮೇಲೆ ಮಾತ್ರ ಸೌಟು. ಬಾಯಲ್ಲಿ ಅದು ಸೌಟಿನಿಂದ, ಸೌಟಿಂದು, ಸೌಟಿಗೆ. ಕೊನೆಯ ಉಕಾರ ಹೋಗೇಬಿಡುತ್ತದೆ. ಪರೀಕ್ಷೆ ಮಾಡಬೇಕಾದದ್ದು ಈ ರೂಪವನ್ನು.

ಗದ್ದಲವೂ ಎರಡು ಥರ. ನೀವು ಮಿಕ್ಸರ್ ಪಕ್ಕ ನಿಂತು ಮಾತಾಡಿದರೆ, ಗದ್ದಲ ತೆಗೆಯಲು ಹೋಗಿ ಫೋನೇ ನಿಮ್ಮ ಮೆಲು ಅಕ್ಷರಗಳನ್ನೂ ಕತ್ತರಿಸಬಹುದು. ಅವರು ಬಸ್ ಸ್ಟ್ಯಾಂಡಿನಲ್ಲಿದ್ದರೆ ನಿಮ್ಮ ದನಿ ಸರಿಯಾಗೇ ಹೋಗುತ್ತದೆ, ಕಿವಿಯ ಹತ್ತಿರ ಮುಚ್ಚಿಹೋಗುತ್ತದೆ. ಆರರಲ್ಲಿ ಎರಡು ಕಾಲ್ ನಿಮ್ಮ ಕಡೆ ಮಿಕ್ಸರ್ ಹಾಕಿ ಮಾಡಿ, ಎರಡು ಅವರು ರಸ್ತೆಯಲ್ಲಿದ್ದಾಗ ಮಾಡಿ, ಎರಡು ಸದ್ದಿಲ್ಲದ ಕಡೆ. ಗದ್ದಲದಲ್ಲಿ ನಾವು ಗೊತ್ತಿಲ್ಲದೇ ಕೂಗುತ್ತೇವೆ, ಸ್ವರ ಎಳೆಯುತ್ತೇವೆ. ಅದನ್ನು ತಡೆಯಬೇಡಿ, ನಾಳೆಯೂ ಹಾಗೇ ಕೂಗುತ್ತೀರಿ.

ದಾವಣಗೆರೆ, ಬೇಕರಿ ಇಟ್ಟವನು: ಇಷ್ಟೆಲ್ಲ ಯಾಕ್ರೀ? ಎರಡಕ್ಷರದ ಹೆಸರು ಇಡಿ, ಕೆಡೋಕೆ ಜಾಗನೇ ಇರಲ್ಲ. ಮಿಡಿ ಬೆಸ್ಟ್. ಡೌಟಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿ.

ಮೈಸೂರು, ಕಿವಿ ಪರೀಕ್ಷೆ ಮಾಡುವ ಕೆಲಸ: ಅಣ್ಣಾ, ಚಿಕ್ಕದಾದರೆ ನೆನಪಿರುತ್ತದೆ, ಅದು ನಿಜ. ಆದರೆ ಗದ್ದಲದಲ್ಲಿ ಎರಡಕ್ಷರದಲ್ಲಿ ಒಂದು ಹೋದರೆ ಅರ್ಧ ಹೆಸರೇ ಹೋಯಿತು, ಊಹೆ ಮಾಡಲು ಕಿವಿಗೆ ಏನೂ ಉಳಿಯುವುದಿಲ್ಲ. ವಿಮಾನದವರು ರೇಡಿಯೋದಲ್ಲಿ ನೈನ್ ಅನ್ನುವುದಿಲ್ಲ, ಫೈವ್ ಜೊತೆ ಕಲಸಿಹೋಗಬಾರದು ಅಂತ ಬೇಕೆಂದೇ ನೈನರ್ ಅಂತ ಉದ್ದ ಮಾಡುತ್ತಾರೆ. ರೆಕಾರ್ಡ್ ಮಾಡಿ ಕೇಳುವುದು ಬೇಡ. ನೀವು ಹೇಳಿದ್ದು ಏನು ಅಂತ ನಿಮಗೆ ಗೊತ್ತೇ ಇರುತ್ತದೆ, ಜೊತೆಗೆ ಆ ದನಿ ನೆಟ್‌ವರ್ಕ್ ಒಳಗೆ ಹೋಗಿಯೇ ಇಲ್ಲ.

ಸೌಟು ಬಗ್ಗೆ ಒಂದು ಮಾತು. ಹಳೆಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ಸ ಅಕ್ಷರದ ಸುಯ್ ಅನ್ನುವ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿದೆ. ಹಾಗಾಗಿ ಸ, ಫ ಎರಡೂ ಒಂದೇ ಥರ ಕೇಳುತ್ತವೆ. ಈಗಿನ ವೋಲ್ಟಿ ಕಾಲ್‌ನಲ್ಲಿ ಸುಮಾರು 7000ದವರೆಗೂ ಬರುತ್ತದೆ, ಆದರೆ ಎರಡೂ ಕಡೆ ಅದೇ ಇರಬೇಕು. ಘಟ್ಟದ ಊರಿನಲ್ಲಿ ಸಿಗ್ನಲ್ ಬಿದ್ದು ಕಾಲ್ 2ಜಿಗೆ ಇಳಿದರೆ ಮತ್ತೆ ಹಳೇ ಕಥೆ. ಒಂದೆರಡು ಕಾಲ್ ನಿಮ್ಮೂರ ಕಡೆಯಿಂದ ಮಾಡಿ ನೋಡಿ.

ಮ್ಯೂನಿಕ್‌ನಿಂದ ಒಬ್ಬರು: ನಾವೂ ಮಗನಿಗೆ ಹೆಸರಿಡುವಾಗ ಹೀಗೇ ಮಾಡಬೇಕಿತ್ತು! ವಿಹಾನ್ ಅಂತ ಇಟ್ಟೆವು. ಡಾಕ್ಟರ್ ಹತ್ತಿರ ಹೋದರೆ "ಫಿಹಾನ್" ಅಂತ ಕರೆಯುತ್ತಾರೆ, ನಾವು ಎದ್ದು ನಿಲ್ಲುವುದೇ ಇಲ್ಲ. ಜಯಂತ್ ಅಂತ ಇಡೋಣ ಅಂದಿದ್ದರು ಮಾವನವರು, ಅದು ಯಯಂತ್ ಆಗುತ್ತಿತ್ತು. ನಿಮ್ಮ ಮಗುವಿಗೆ ಭರಣಿ ಚೆನ್ನಾಗಿದೆ, ನಕ್ಷತ್ರದ ಹೆಸರೂ ಹೌದು.

ಹೆಸರಿಡುವವರು: ಸಾರ್, ಮಗು ಅಲ್ಲ, ಉಪ್ಪಿನಕಾಯಿ :) ನಿಮ್ಮದು ಕೇಳಿ ಆದ ತಪ್ಪಲ್ಲ, ಓದಿ ಆದದ್ದು. ಜರ್ಮನಿಯವರು ಕಾಗದದ ಮೇಲಿನ ಅಕ್ಷರವನ್ನು ತಮ್ಮ ರೂಢಿಯಂತೆ ಓದುತ್ತಾರೆ. ಅದಕ್ಕೆ ಪರೀಕ್ಷೆಯೂ ಬೇರೆ: ಹೆಸರು ಬರೆದ ಚೀಟಿ ಕೊಟ್ಟು ಓದಿಸಬೇಕು, ನೀವು ಮೊದಲು ಬಾಯಿಬಿಡಬಾರದು.

ಆದರೆ ನಿಮ್ಮ ಮಾತಿನಿಂದ ಒಂದು ನೆನಪಾಯಿತು. ಬೇರೆ ಉಚ್ಚಾರ ಅಂದರೆ ನೀವೇ ಹಿಂದಿಯವರ ಥರ ಮಿಮಿಕ್ರಿ ಮಾಡಿ ನೋಡುವುದಲ್ಲ. ಅವರ ಬಾಯಿಂದಲೇ ಹೇಳಿಸಬೇಕು, ಅದನ್ನು ಮೂರನೆಯವರು ಕೇಳಿ ಬರೆಯಬೇಕು. ಹಳೇ ಮೈಸೂರು ಕಡೆ ಕೆಲವರ ಮಾತಿನಲ್ಲಿ ಹ ನಿಲ್ಲುವುದಿಲ್ಲ, ಹಾಲು ಆಲು ಆಗುತ್ತದೆ, ಹಾಗಾದರೆ ಹೊಳೆಸಾಲು ಒಳೆಸಾಲು. ಹಿಂದಿಯವರಿಗೆ ಳ ಬರದೆ ಲ ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಿ ಮೇಡಂ. ಹೊಳೆಯ ಳ ಹೋಗಿ ಲ ಬಂದರೆ ಕನ್ನಡದಲ್ಲಿ ಆ ಪದ ಮೈಲಿಗೆ, ಜಾತಿ ಕಡೆಗೆ ಹೋಗುತ್ತದೆ. ಕೊರಿಯರ್ ಹುಡುಗ ಏನೂ ಗೊತ್ತಿಲ್ಲದೆ ಬಾಗಿಲಲ್ಲಿ ನಿಂತು ಕೂಗುತ್ತಾನೆ. ಹಾಗಾಗಿ ಎಷ್ಟು ಜನ ತಪ್ಪು ಕೇಳಿಸಿಕೊಂಡರು ಅನ್ನುವುದರ ಜೊತೆಗೆ ಆ ತಪ್ಪಿಗೆ ಏನು ಅರ್ಥ ಬರುತ್ತದೆ ಅಂತಲೂ ನೋಡಿ.

ಕೇಳಿದವರು, ಒಂಬತ್ತು ದಿನದ ಮೇಲೆ: ಮಾಡಿದೆವು! ನಾದಿನಿ ನೋಟ್‌ಬುಕ್ ಹಿಡಿದು ಕೂತಿದ್ದಳು. ಬರೆಯುತ್ತೇನೆ, ನಗಬೇಡಿ.

ಹೊಳೆಸಾಲು: ಆರರಲ್ಲಿ ಇಬ್ಬರಿಗೆ ಮಾತ್ರ ಸರಿ ಕೇಳಿತು, ಇಬ್ಬರೂ ನಮ್ಮ ಜಿಲ್ಲೆಯವರು. ಒಬ್ಬರು ಒಳೆಸಾಲು, ಇನ್ನೊಬ್ಬರು ಒಳಸಾಲು. ಉಳಿದ ಇಬ್ಬರು "ಹೋಲ್‌ಸೇಲ್" ಅಂತ ಬರೆದರು!! ಅದರಲ್ಲೊಬ್ಬರು "ಕೆಜಿಗೆ ಏನು ರೇಟು, ಹತ್ತು ಕೆಜಿ ತಗೊಂಡರೆ ಕಮ್ಮಿ ಮಾಡ್ತೀರಾ" ಅಂತಲೂ ಕೇಳಿದರು.

ಮಿಡಿ: ಇಬ್ಬರಿಗೆ ಸರಿ. ಒಬ್ಬರು ನಿಧಿ. ಒಬ್ಬರು "ಮೀಡಿಯಾದಿಂದ ಯಾಕೆ ಫೋನು" ಅಂತ ಗಾಬರಿಯಾದರು, ನಾನು ಮಿಡಿಯಿಂದ ಅಂದದ್ದು ಹಾಗೆ ಕೇಳಿತ್ತು. ಒಬ್ಬರಿಗೆ ಬೀಡಿ, ಆವತ್ತು ನನಗೆ ನೆಗಡಿ ಇತ್ತು. ಕೊನೆಯವರಿಗೆ ಕೇಳಿಸಲೇ ಇಲ್ಲ.

ಸೌಟು: ಮೂವರಿಗೆ ಸರಿ, ಮೂವರು ಸೌತ್. ಸೌಟಿನಿಂದ ಮಾತಾಡ್ತಾ ಇದ್ದೀನಿ ಅಂದರೆ "ಸೌತ್ ಅಂದ್ರೆ ಜಯನಗರನಾ?" ಅಂತ ಒಬ್ಬರು. ಮೈಸೂರಿನವರು ಹೇಳಿದ ಹಾಗೆ ಸ ಹೋಗಲಿಲ್ಲ, ಟು ಹೋಯಿತು.

ಭರಣಿ: ನಾಲ್ವರಿಗೆ ಸರಿ, ಅದರಲ್ಲೊಬ್ಬರು ಬರಣಿ ಅಂತ ಬರೆದರು, ಅದನ್ನೂ ಸರಿ ಅಂತಲೇ ಹಿಡಿದೆ. ಇಬ್ಬರಿಗೆ ಧರಣಿ. ತಮಿಳು ಗೆಳತಿಯ ಹತ್ತಿರ ಹೇಳಿಸಿದರೆ ಪರಣಿ.

ಹೆಸರಿಡುವವರು: ಹೋಲ್‌ಸೇಲ್ ನನಗೂ ಹೊಳೆದಿರಲಿಲ್ಲ. ಹೆಸರಿನಲ್ಲೇ ಅಗ್ಗದ ರೇಟು ಕೂತಿದೆ, ಮನೆಯಲ್ಲಿ ಮಾಡಿದ ಅಪ್ಪೆಮಿಡಿಗೆ ಅದು ಬೇಡವೇ ಬೇಡ. ಮಿಡಿಯೂ ಹೋಯಿತು, ಬೇಕರಿ ಅಣ್ಣ ಕ್ಷಮಿಸಬೇಕು.

ಭರಣಿಯ ತಪ್ಪು ಸಣ್ಣದು. ಭ, ಧ ಎರಡೂ ಗದ್ದಲದಲ್ಲಿ ಹತ್ತಿರ ಹತ್ತಿರ, ಮುಂದಿನ ರಣಿ ಹಾಗೇ ಉಳಿದಿದೆ. ಇಂಥದ್ದಕ್ಕೆ ಹೆಸರು ಬದಲಿಸುವುದಕ್ಕಿಂತ ಮುಂದೆ ಒಂದು ಪದ ಸೇರಿಸಿ ನೋಡಬಹುದು. ಅಜ್ಜಿ ಭರಣಿ ಅಂದರೆ ಧರಣಿ ಅಂತ ಕೇಳುವುದು ಕಷ್ಟ, ಅಜ್ಜಿ ಯಾಕೆ ಧರಣಿ ಕೂತಳು ಅಂತ ಕಿವಿಯೇ ತಿದ್ದಿಕೊಳ್ಳುತ್ತದೆ. ಆದರೆ ಇದು ನನ್ನ ಊಹೆ. ಅಜ್ಜಿ ಸೇರಿಸಿ ಹೊಸ ಆರು ಜನರಿಗೆ ಹೇಳಿ. ಹಳಬರು ಬೇಡ, ಅವರ ಕಿವಿಯಲ್ಲಿ ಭರಣಿ ಆಗಲೇ ಕೂತಿದೆ.

ಬೆಂಗಳೂರು, ಟ್ರೇಡ್‌ಮಾರ್ಕ್ ಅರ್ಜಿ ಹಾಕಿಕೊಡುವವರು: ಪ್ರಿಂಟಿಗೆ ಕೊಡುವ ಮುಂಚೆ ಟ್ರೇಡ್‌ಮಾರ್ಕ್ ಸೈಟಿನ ಪಬ್ಲಿಕ್ ಸರ್ಚ್‌ನಲ್ಲಿ ನೋಡಿ. ಅದರಲ್ಲಿ Phonetic ಅಂತ ಒಂದು ಆಯ್ಕೆ ಇದೆ, ಬರೀ ಅಕ್ಷರ ಹೊಂದಿಸಿ ಹುಡುಕಿದರೆ ಸಾಲದು. ಕಿವಿಗೆ ಒಂದೇ ಥರ ಕೇಳುವುದು ಕೋರ್ಟಿಗೂ ಮುಖ್ಯ. 1962ರಲ್ಲೇ ಸುಪ್ರೀಂ ಕೋರ್ಟು ಅಮೃತಧಾರಾ, ಲಕ್ಷ್ಮಣಧಾರಾ ಎರಡೂ ಗಿರಾಕಿಯನ್ನು ಗೊಂದಲಕ್ಕೆ ಬೀಳಿಸುವಷ್ಟು ಹತ್ತಿರ ಅಂದಿತ್ತು. ಧಾರಾ ಒಂದೇ, ಮುಂದಿನ ಪದ ಬೇರೆ, ಆದರೂ. ಹಾಗಾಗಿ ಮುಂದೆ ಅಜ್ಜಿ ಸೇರಿಸಿದ ಮಾತ್ರಕ್ಕೆ ಬೇರೆಯವರ ಭರಣಿಯಿಂದ ತಪ್ಪಿಸಿಕೊಂಡೆವು ಅಂತ ಅಂದುಕೊಳ್ಳಬೇಡಿ.

ಕೇಳಿದವರು: ಅಯ್ಯೋ, ಇದೊಂದು ಬಾಕಿ ಇತ್ತು. ಇವತ್ತೇ ನೋಡುತ್ತೇವೆ. ನಾದಿನಿಗೆ ಅಜ್ಜಿ ಬೇಡವಂತೆ, "ನನಗಿನ್ನೂ ಮೂವತ್ತೆರಡು" ಅಂತಾಳೆ. ಅವಳು ಶಿರಸಿ ಭರಣಿ ಅಂತಿದ್ದಾಳೆ. ಶಿ, ಸಿ ಎರಡೂ ಫೋನಿನಲ್ಲಿ ಹೋಗಲ್ವಾ?

ಮೈಸೂರಿನವರು: ಶ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಅದರ ಸದ್ದು ಸ ಗಿಂತ ಕೆಳಗಿದೆ, ಹಳೇ ಲೈನಿನಲ್ಲೂ ಒಂದಿಷ್ಟು ಬರುತ್ತದೆ. ಸಿ ಹೋಗಬಹುದು, ಆದರೆ ಊರಿನ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ತುಂಬಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಸಿರ್ಸಿ ಅಂತ ಬರೆಯುತ್ತಾರಾ ನೋಡಿ, ಹುಡುಕುವಾಗ ಅದು ಬೇರೆ ತಾಪತ್ರಯ.

ಕೇಳಿದವರು: ಸರಿ, ಎರಡಕ್ಕೂ ಆರಾರು ಜನ. ನೆಂಟರು ಮುಗಿದರು, ಇನ್ನು ಅಕ್ಕಪಕ್ಕದ ಮನೆಯವರ ನೆಂಟರು.