ಪಂಪ್‌ಸೆಟ್ ಕೈಪಿಡಿಗೆ ಇಂಗ್ಲಿಷ್-ಕನ್ನಡ ಪದಪಟ್ಟಿ: ಮಾಡಿದವರು ಅನುಭವ ಹೇಳಿ

ಕೇಳಿದವರು: ಪಂಪ್‌ಸೆಟ್, ಸ್ಟಾರ್ಟರ್, ವೈರಿಂಗ್ ಬಗ್ಗೆ ಆರು ಕೈಪಿಡಿಗಳನ್ನು ಮೂವರು ಸೇರಿ ಕನ್ನಡಕ್ಕೆ ತರುತ್ತಿದ್ದೇವೆ. ಒಂದೇ ಇಂಗ್ಲಿಷ್ ಪದಕ್ಕೆ ಮೂರು ಕಡೆ ಮೂರು ಕನ್ನಡ ಬರ್ತಿದೆ. ಸುಮಾರು 600 ಪದಗಳ ಪಟ್ಟಿ ಬೇಕು. ನೀವೆಲ್ಲ ಹೇಗೆ ಮಾಡಿದ್ರಿ?

ಅನುವಾದಕಿ, ಹುಬ್ಬಳ್ಳಿ: ನಾವು ಸುಟ್ಟುಕೊಂಡ ಕೈ ಇನ್ನೂ ಉರೀತಿದೆ, ಅದನ್ನೇ ಹೇಳ್ತೀನಿ. ನಮ್ಮ ಪಟ್ಟಿ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಇತ್ತು, ನೋಡೋಕೆ ಚೆಂದ. ಪವರ್ ಎದುರಿಗೆ ‘ಸಾಮರ್ಥ್ಯ’ ಅಂತ ಬರೆದೆವು, ಶಾಲೆ ಪುಸ್ತಕದಲ್ಲಿ ಇರೋದೇ ಅದು. ಕೆಪಾಸಿಟಿ ಎದುರಿಗೆ ಇನ್ನೊಬ್ಬರು ‘ಸಾಮರ್ಥ್ಯ’ ಬರೆದರು. ರೇಟಿಂಗ್ ಎದುರಿಗೂ ಅದೇ. ಮೂರೂ ಬೇರೆ ಬೇರೆ ಪುಟದಲ್ಲಿ ಇದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಅಚ್ಚಾಗಿ ಬಂದ ಮೇಲೆ ಒಂದು ಪುಟದಲ್ಲಿ ‘ಪಂಪಿನ ಸಾಮರ್ಥ್ಯ 3.7 ಕಿಲೋವ್ಯಾಟ್’, ಮುಂದಿನ ಪುಟದಲ್ಲಿ ‘ಪಂಪಿನ ಸಾಮರ್ಥ್ಯ ನಿಮಿಷಕ್ಕೆ 300 ಲೀಟರ್’. ಮೂರನೆಯವರು ಪವರ್‌ಗೂ ಎನರ್ಜಿಗೂ ‘ಶಕ್ತಿ’ ಅಂತಲೇ ಬರೆದಿದ್ದರು. ಹಾಗಾಗಿ ‘ತಿಂಗಳಿಗೆ ಬಳಸುವ ಶಕ್ತಿ 3.7 ಕಿಲೋವ್ಯಾಟ್’ ಅಂತ ಒಂದು ಸಾಲು! ಬಿಲ್ಲಿನಲ್ಲಿ ಬರೋ ಯೂನಿಟ್ ಕಿಲೋವ್ಯಾಟ್-ಗಂಟೆ, ಬರೀ ಕಿಲೋವ್ಯಾಟ್ ಅಲ್ಲ. ಒಬ್ಬ ರೈತರು ಫೋನ್ ಮಾಡಿ, “ಅಕ್ಕಾರ, ಐದು ಎಚ್‌ಪಿ ಪಂಪು ತಿಂಗಳಿಗೆ ನಾಕೇ ಯೂನಿಟ್ ತಿಂತದೇನ್ರಿ?” ಅಂದರು. 400 ಪ್ರತಿ, ತಲಾ 38 ರೂಪಾಯಿ, ಒಟ್ಟು 15,200. ಹನ್ನೊಂದು ಸಂಜೆ ಕೂತು ತಿದ್ದುಪಡಿ ಚೀಟಿ ಅಂಟಿಸಿದೆವು. ಗೋಂದಿನ ಖರ್ಚು ಬೇರೆ.

ಈಗ ಪಟ್ಟಿಯನ್ನು ಮೊದಲು ಕನ್ನಡದ ಕಾಲಂನಿಂದ ಜೋಡಿಸಿ ನೋಡ್ತೀನಿ. ಒಂದೇ ಕನ್ನಡ ಪದ ಎರಡು ಸಲ ಬಂದರೆ ಅಲ್ಲೇ ನಿಲ್ಲೋದು. ನಮ್ಮ ತೀರ್ಮಾನ: ಪವರ್‌ಗೆ ಪವರ್, ಎನರ್ಜಿಗೆ ಶಕ್ತಿ, ಪಂಪು ಕೊಡೋ ನೀರಿಗೆ ‘ನೀರೆತ್ತುವ ಪ್ರಮಾಣ’, ಟ್ಯಾಂಕು-ಬ್ಯಾಟರಿಗೆ ಮಾತ್ರ ಸಾಮರ್ಥ್ಯ.

ವಿಜ್ಞಾನದ ಮೇಷ್ಟ್ರು, ಹಾಸನ: ಪವರ್‌ಗೆ ಪವರ್! ಇದಕ್ಕೆ ಪದಪಟ್ಟಿ ಯಾಕೆ ಮೇಡಂ? 22 ವರ್ಷದಿಂದ ಸಾಮರ್ಥ್ಯ, ವಿಭವಾಂತರ, ರೋಧ ಅಂತ ಪಾಠ ಮಾಡ್ತಿದ್ದೀನಿ. ಆ ಮಕ್ಕಳೇ ನಾಳೆ ನಿಮ್ಮ ಕೈಪಿಡಿ ಓದೋರು. ಶಾಲೆ ಪದಗಳಿಗೆ ಒಂದು ಮನೆತನ ಇದೆ. ರೋಧ ಅಂದರೆ ಗುಣ, ರೋಧಕ ಅಂದರೆ ವಸ್ತು, ರೋಧಶೀಲತೆ ಅಂದರೆ ಲೋಹದ ಸ್ವಭಾವ. ಒಂದು ಕಲಿತರೆ ಉಳಿದದ್ದು ಹಿಂದೆಯೇ ಬರುತ್ತೆ.

ಅಡ್ಡದಾರಿ ಹಿಡಿದರೆ ಏನಾಗುತ್ತೆ ಅಂತ ಕೇಳಿ. ಒಂದು ತರಬೇತಿಗೆ ಯಾರೋ ಮಾಡಿಸಿದ ಹಾಳೆಯಲ್ಲಿ ರೆಸಿಸ್ಟರ್‌ಗೂ ‘ನಿರೋಧಕ’, ಇನ್ಸುಲೇಟರ್‌ಗೂ ‘ನಿರೋಧಕ’. ಒಂದು ಕರೆಂಟನ್ನು ಹಿಡಿದು ಕಮ್ಮಿ ಮಾಡಿ ಬಿಡುತ್ತೆ, ಇನ್ನೊಂದು ಬಿಡೋದೇ ಇಲ್ಲ. ‘ನಿರೋಧಕವನ್ನು ಮುಟ್ಟಬಹುದು’ ಅಂತ ಒಂದು ವಾಕ್ಯ ಇತ್ತು. ಯಾವ ನಿರೋಧಕ ಸ್ವಾಮಿ? ಹುಡುಗ ರೆಸಿಸ್ಟರ್ ಮುಟ್ಟೋಕೆ ಹೋಗಿದ್ದ, ನಾನು ಕೈ ಹಿಡಿದು ಎಳೆದೆ. ಇನ್ಸುಲೇಟರ್‌ಗೆ ‘ಅವಾಹಕ’ ಇದ್ದೇ ಇದೆ.

ಮೋಟರ್ ವೈಂಡಿಂಗ್ ಅಂಗಡಿ, ಚಿಂತಾಮಣಿ: ಪಟ್ಟಿಗಿಟ್ಟಿ ಏನೂ ಬೇಡ. ಇಂಗ್ಲಿಷನ್ನೇ ಕನ್ನಡದಲ್ಲಿ ಬರೀರಿ. ಪುಸ್ತಕ ನೋಡಿ ಒಂದು ಸಲ ಬೋರ್ಡಿನ ಮೇಲೆ ‘ಹ್ರಸ್ವ ಮಂಡಲ ಎಚ್ಚರಿಕೆ’ ಅಂತ ಬರೆಸಿದ್ದೆ. ಗಿರಾಕಿ ಬಂದು “ಅಣ್ಣಾ, ಇದು ಯಾವ ಪೂಜೆ?” ಅಂದ. ಬೋರ್ಡಿಗೆ 900 ರೂಪಾಯಿ ದಂಡ. ಶಾರ್ಟ್ ಸರ್ಕ್ಯೂಟ್ ಅಂದರೆ ಮಗುವಿಗೂ ಗೊತ್ತು.

ಆದ್ರೆ ‘ಕರೆಂಟ್’ ಒಂದು ನೋಡಿಕೊಳ್ಳಿ. “ಕರೆಂಟ್ ಜಾಸ್ತಿ ಆದರೆ ರಿಲೇ ಟ್ರಿಪ್ ಆಗುತ್ತೆ” ಅಂದೆ ಒಬ್ಬರಿಗೆ. ಅವರು ವೋಲ್ಟೇಜ್ ಅಂದುಕೊಂಡು ರಾತ್ರಿ ವೋಲ್ಟೇಜ್ ಏರೋದನ್ನೇ ಕಾಯ್ತಾ ಕೂತರು. ಐದು ಎಚ್‌ಪಿ ತ್ರೀ ಫೇಸ್ ಮೋಟರು ಸುಮಾರು ಏಳೂವರೆ ಆಂಪ್ ಎಳೆಯುತ್ತೆ. ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ ಎಳೆಯುತ್ತೆ! ವೈಂಡಿಂಗ್ ಸುಟ್ಟೇ ಹೋಯ್ತು. ಅವರಿಗೆ ಲೈನಲ್ಲಿ ಬರೋದೆಲ್ಲ ಕರೆಂಟೇ.

ಅನುವಾದಕಿ, ಹುಬ್ಬಳ್ಳಿ: ಅಣ್ಣಾ, ಪಟ್ಟಿ ಬೇಡ ಅಂದು ನೀವೇ ಪಟ್ಟಿ ಯಾಕೆ ಬೇಕು ಅಂತ ಹೇಳಿಬಿಟ್ರಲ್ಲ! ಆಂಪ್ ಲೆಕ್ಕದ್ದಕ್ಕೆ ‘ಲೋಡ್ ಕರೆಂಟ್’, ಲೈನಲ್ಲಿ ಬರೋದಕ್ಕೆ ‘ಸಪ್ಲೈ’ ಅಂತ ನಾವು ಬೇರೆ ಮಾಡಿದ್ದೀವಿ. ಬರೀ ‘ಕರೆಂಟ್’ ನಮ್ಮಲ್ಲಿ ನಿಷಿದ್ಧ. ಇಂಗ್ಲಿಷ್ ಪದವನ್ನೇ ಇಟ್ಟರೂ ಕಾಗುಣಿತ ಒಂದೇ ಇರಬೇಕು. ಮೋಟರ್, ಮೋಟಾರ್, ಮೋಟಾರು ಮೂರೂ ನಮ್ಮ ಒಂದೇ ಅಧ್ಯಾಯದಲ್ಲಿ ಇದ್ದವು.

ಅಚ್ಚಗನ್ನಡ ಬಳಗದವನು, ಶಿವಮೊಗ್ಗ: ಇಬ್ಬರೂ ತಪ್ಪು. ಒಬ್ಬರದು ಸಂಸ್ಕೃತ, ಒಬ್ಬರದು ಇಂಗ್ಲಿಷ್. ರೆಸಿಸ್ಟೆನ್ಸ್‌ಗೆ ‘ತಡೆ’, ಕರೆಂಟ್‌ಗೆ ‘ಹರಿವು’. ನನ್ನ ಪಟ್ಟಿಯಲ್ಲಿ 340 ಪದ ಇದೆ, ಒಂದು ಮಹಾಪ್ರಾಣ ಇಲ್ಲ.

ಮೇಷ್ಟ್ರು: ಪಂಪ್‌ಸೆಟ್ ಪುಸ್ತಕದಲ್ಲಿ ‘ಹರಿವು ಕಡಿಮೆಯಾಗಿದೆ’ ಅಂದರೆ ನೀರೋ, ಆಂಪೋ?

ಶಿವಮೊಗ್ಗ: ಮುಂದೆ ‘ನೀರ’ ಸೇರಿಸಿ, ‘ಮಿನ್’ ಸೇರಿಸಿ. ಅಷ್ಟು ಕಷ್ಟವಾ? ನಿಮ್ಮ ವಿಭವಾಂತರಕ್ಕಿಂತ ಸಲೀಸು.

ಚಿಂತಾಮಣಿ: ಮಿನ್‌ಹರಿವು ಅಂದರೆ ನನ್ನ ಹುಡುಗ ಮೀನಿನ ತೊಟ್ಟಿ ರಿಪೇರಿಗೆ ಹೋಗ್ತಾನೆ.

ಶಿವಮೊಗ್ಗ: ಹಂಗಿಸೋದು ಬಿಟ್ಟು ಒಂದು ಪದ ಕಟ್ಟಿ ತೋರಿಸಿ.

ಸಾಫ್ಟ್‌ವೇರ್ ಕೆಲಸದವರು, ಮೈಸೂರು: ಜಗಳ ಮುಂದುವರಿಸಿ. ಮೂರು ಭಾನುವಾರ ನನ್ನ ತಲೆ ತಿಂದದ್ದು ಪದ ಅಲ್ಲ, ಫೈಲು. OmegaT ಅನ್ನೋ ಅನುವಾದದ ಸಾಫ್ಟ್‌ವೇರ್ ಬಳಸ್ತೀನಿ. ಅದರ ಪದಪಟ್ಟಿ ಟ್ಯಾಬ್ ಹಾಕಿದ ಸಾದಾ ಫೈಲು: ಇಂಗ್ಲಿಷ್, ಕನ್ನಡ, ಟಿಪ್ಪಣಿ. ಮೇಡಂ ಹೇಳಿದ ಹಾಗೆ ಕನ್ನಡ ಕಾಲಂನಲ್ಲಿ ಎರಡು ಸಲ ಬಂದದ್ದನ್ನು ಹುಡುಕಿದೆ. ‘ಫೇಸ್’ ಎರಡು ಕಡೆ ಕಣ್ಣಿಗೆ ಕಾಣ್ತಿದೆ, ಹುಡುಕಾಟದಲ್ಲಿ ಸಿಗ್ತಿಲ್ಲ! ಹಳೆ ಫಾಂಟಿಂದ ಯೂನಿಕೋಡಿಗೆ ಬದಲಾಯಿಸಿದಾಗ ಪದದ ಕೊನೆಯ ಅರ್ಧಾಕ್ಷರದ ಹಿಂದೆ ಒಂದು ಕಾಣದ ಅಕ್ಷರ (U+200C) ಉಳಿದುಬಿಟ್ಟಿತ್ತು. ಕಾಲಂನ ಕೊನೆಯಲ್ಲಿ ಇರೋದನ್ನು ಮಾತ್ರ ತೆಗೀಬೇಕು. ‘ವೋಲ್ಟ್‌ಮೀಟರ್’ ಒಳಗಿನದು ತೆಗೆದರೆ ಒತ್ತಕ್ಷರ ಕೂಡಿಕೊಂಡು ಕೆಡುತ್ತೆ. ಲಿನಕ್ಸ್‌ನಲ್ಲಿ ಹೀಗೆ:

```
export LC_ALL=C
cut -f2 glossary.txt | sed 's/\xE2\x80\x8C$//' | sort | uniq -d
```

ಮೊದಲ ಸಾಲು ಬಿಡಬೇಡಿ. ಅದಿಲ್ಲದೆ ಹಳೆ ಸಿಸ್ಟಮ್ಮಿನಲ್ಲಿ ಬೇರೆ ಬೇರೆ ಕನ್ನಡ ಪದಗಳನ್ನೂ ಒಂದೇ ಅಂತ ತೋರಿಸಿತ್ತು. ಅನುಸ್ವಾರದ ಸೊನ್ನೆಯ ಜಾಗದಲ್ಲಿ ಅಂಕಿ ೦ ಒತ್ತಿದವರೂ ಇದ್ದಾರೆ. ಅವರಿಗೆ ನಮಸ್ಕಾರ.

ಇನ್ನೊಂದು: ಪುಸ್ತಕದಲ್ಲಿ ‘ವೋಲ್ಟೇಜ್’ ಅಂತ grep ಮಾಡಿದರೆ ‘ವೋಲ್ಟೇಜಿನ’, ‘ವೋಲ್ಟೇಜನ್ನು’ ತಪ್ಪಿಹೋಗುತ್ತೆ, ವಿಭಕ್ತಿ ಸೇರಿದಾಗ ಕೊನೆಯ ಜ್ ಬದಲಾಗುತ್ತಲ್ಲ. ‘ವೋಲ್ಟೇಜ’ ಅಂತ ಹುಡುಕಿ, ಮೂರೂ ಸಿಗುತ್ತೆ.

ಮೇಷ್ಟ್ರು: ವೋಲ್ಟೇಜ್ ಅಂತಲೇ ತೀರ್ಮಾನ ಆಗಿಹೋಯ್ತಾ? ಯಾವಾಗ?

ಕೇಳಿದವರು: ಸದ್ಯ 214 ಪದ ಇದೆ, ಕನ್ನಡ ಕಾಲಂ ಜೋಡಿಸಿ ನೋಡಿದೆ. ಸಾಮರ್ಥ್ಯ ನಾಲ್ಕು ಸಲ ಇದೆ, ಎರಡು ನಾನೇ ಬರೆದದ್ದು. ‘ಅರ್ಥಿಂಗ್’ ಒಂದು ಹೇಳಿ. ‘ಅರ್ಥ್ ಸರಿ ಇದೆಯೇ ನೋಡಿ’ ಅಂತ ಬರೆದಿದ್ದಕ್ಕೆ ಕರಡು ತಿದ್ದುವವರು ಅದನ್ನು ‘ಅರ್ಥ ಸರಿ ಇದೆಯೇ’ ಮಾಡಿಬಿಟ್ಟಿದ್ದಾರೆ.

ಶಿವಮೊಗ್ಗ: ‘ನೆಲತಂತಿ’ ಅನ್ನಿ.

ಚಿಂತಾಮಣಿ: ನೆಲದಲ್ಲಿ ಹೂತ ಕೇಬಲ್ಲಿಗೆ ಏನಂತೀಯಪ್ಪ ಹಂಗಾದ್ರೆ?