ಅಪ್‌ಡೇಟ್: ವೀನ್ ಸೇತುವೆ ಆಂದೋಲಕಕ್ಕೆ ವರ್ಧನೆ 3 ಸಾಲಲಿಲ್ಲ

ನನ್ನ ಪ್ರಶ್ನೆ: "ಎರಡೂ ರೆಸಿಸ್ಟರ್ 10 ಕಿಲೋಓಮ್, ಎರಡೂ ಕೆಪಾಸಿಟರ್ 10 ನ್ಯಾನೋಫ್ಯಾರಡ್, ವರ್ಧನೆ ಸರಿಯಾಗಿ 3. ಆದರೂ ಅಲೆ ಹುಟ್ಟಿದಂತೆ ಮಾಡಿ ಅಡಗುತ್ತದೆ. ಏಕೆ?"

ಅಪ್‌ಡೇಟ್: ಕೆಪಾಸಿಟರ್‌ಗಳನ್ನು ಅಳೆದು ನೋಡಿ ಎಂದ ಪುಣೆಯ ಹಿರಿಯರಿಗೆ ನಮಸ್ಕಾರ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಜೋಡಿಯಲ್ಲಿ ಸರಣಿಯದು (C1) 9.2, ಸಮಾಂತರದ್ದು (C2) 10.4 ನ್ಯಾನೋಫ್ಯಾರಡ್. ಶೇ. 10ರ ಸಹನಮಿತಿಯಲ್ಲಿ ಇದು ಮಾಮೂಲು.

ಹಂತವ್ಯತ್ಯಾಸ ಸೊನ್ನೆಯಾಗುವ ಆವರ್ತನದಲ್ಲಿ ಬೇಕಾದ ವರ್ಧನೆ 1 + R1/R2 + C2/C1; R1 ಸರಣಿಯ ರೆಸಿಸ್ಟರ್, R2 ಸಮಾಂತರದ್ದು. ಎಲ್ಲವೂ ಸಮವಿದ್ದರೆ ಮಾತ್ರ ಅದು 3. ನನ್ನಲ್ಲಿ 1 + 1 + 1.13, ಅಂದರೆ 3.13. ಕೊರತೆ ಇಷ್ಟೇ, ಆದರೆ ಪ್ರತಿ ಸುತ್ತಿನಲ್ಲೂ ಅಲೆ ಸ್ವಲ್ಪ ಸ್ವಲ್ಪವೇ ಸವೆಯಲು ಅಷ್ಟು ಸಾಕು.

ವರ್ಧನೆಯನ್ನು ನಿಗದಿಪಡಿಸುವ ಜೋಡಿಯಲ್ಲಿ ನೆಲಕ್ಕಿರುವ ರೆಸಿಸ್ಟರ್ 10 ಕಿಲೋಓಮ್. ಹಾಗಾಗಿ ಹಿಮ್ಮಾಹಿತಿಯದು 21.3 ಕಿಲೋಓಮ್ ದಾಟಬೇಕು. 22 ಹಾಕಿದೆ: ಅಲೆ ಎದ್ದಿತು, ಆದರೆ ತಲೆ ಚಪ್ಪಟೆ! ಬೆಳೆಯುವ ಅಲೆಗೆ ವಿದ್ಯುತ್ ಪೂರೈಕೆಯ ಮಿತಿಯೊಂದೇ ತಡೆಯಾಗಿತ್ತು. ಈಗ 18 ಮತ್ತು 4.7 ಕಿಲೋಓಮ್ ಸರಣಿಯಲ್ಲಿವೆ, 4.7ಕ್ಕೆ ಸಮಾಂತರವಾಗಿ ಎದುರುಬದುರು ದಿಕ್ಕಿನಲ್ಲಿ ಎರಡು ಡಯೋಡ್. ಅಲೆ ದೊಡ್ಡದಾದಂತೆ ಡಯೋಡ್‌ಗಳು ತೆರೆದು ವರ್ಧನೆಯನ್ನು ತಗ್ಗಿಸುತ್ತವೆ, ಅದು ಸರಾಸರಿ 3.13ರಲ್ಲಿ ನಿಲ್ಲುತ್ತದೆ.

ಆವರ್ತನ 1/(2π√(R1R2C1C2)), ಅಂದರೆ ಸುಮಾರು 1.63 ಕಿಲೋಹರ್ಟ್ಸ್. ಆಸಿಲೋಸ್ಕೋಪ್ ಕೂಡ ಹೆಚ್ಚುಕಡಿಮೆ ಅದನ್ನೇ ತೋರಿಸುತ್ತಿದೆ.